ಬಿಳಿ ನೆಲ, ಕರಿ ಹೂವು

ಇಚಲಕರಂಜಿಯಲ್ಲಿ ನಾವು ಅಣ್ಣ ತಮ್ಮ ಇಬ್ಬರೂ ಒಂದೇ ಡಿಝೈನ್ ಅಂಗಡಿಯಲ್ಲಿ ಕೂರುತ್ತಿದ್ದೆವು. ನಮ್ಮ ಕೆಲಸ ಸೀರೆಯ ಅಂಚು, ಸೆರಗು, ಮೈಮೇಲಿನ ಬುಟ್ಟಾ ಹೂವುಗಳನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದು, ಪೆನ್ ಡ್ರೈವಿಗೆ ಹಾಕಿ, ಪವರ್‌ಲೂಮ್ ಕಾರಖಾನೆಗಳಿಗೆ ಕೊಡುವುದು. ಕಿಟಕಿ ಮುಚ್ಚಿದರೂ ಓಣಿಯ ಮಗ್ಗಗಳ ಸದ್ದು ಒಳಗೆ ಬರುತ್ತಿತ್ತು. ಅಣ್ಣ ಗೋಡೆಯ ಕಡೆ, ನಾನು ಬಾಗಿಲ ಕಡೆ. ಕಸುಬು ಕಲಿಸಿದವನು ಅವನೇ.

ಇದನ್ನು ಮೊದಲ ಸಲ ಬರೆದಾಗ ಕೊಲ್ಲಾಪುರದ ಆಸ್ಪತ್ರೆಯಿಂದ ಶುರು ಮಾಡಿದ್ದೆ. ಡಾಕ್ಟರು ಅಣ್ಣನ ಕಣ್ಣಿನ ಚಿತ್ರ ತೋರಿಸಿ ಮಾತಾಡುತ್ತಾರೆ, ಹೊರಗೆ ಮಳೆ ಬರುತ್ತದೆ, ಅಣ್ಣ ಮಳೆಯನ್ನು ನೋಡುತ್ತಾನೆ. ಬರೆದು ಓದಿದರೆ ಮಳೆ ತೀರ ಅನುಕೂಲಕ್ಕೆ ಬಂದಂತಿತ್ತು. ಆ ಕೋಣೆಗೆ ಕಿಟಕಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮಳೆಯನ್ನು ತೆಗೆದುಹಾಕಿದ್ದೇನೆ. ಉಳಿದದ್ದು ಡಾಕ್ಟರು ಹೇಳಿದ ಮಾತು: ಕಣ್ಣಿನ ಹಿಂಬದಿಯ ಪರದೆಯ ನಡುಭಾಗ ಸವೆಯುತ್ತಿದೆ, ಚಷ್ಮಾ ಬದಲಿಸಿದರೆ ಆಗುವುದಿಲ್ಲ, ಆಪರೇಷನ್ನೂ ಇಲ್ಲ. ಪೂರ್ತಿ ಕತ್ತಲಾಗುವುದಿಲ್ಲ, ಅಂಚು ಉಳಿಯುತ್ತದೆ. ಯಾವುದನ್ನು ನೇರ ನೋಡುತ್ತೀರೋ ಅದು ಮಾತ್ರ ಕಾಣುವುದಿಲ್ಲ.

ಅಣ್ಣ ಕೇಳಿದ್ದು ಒಂದೇ. ಕಂಪ್ಯೂಟರಿನ ಕೆಲಸ ಮಾಡಬಹುದೇ ಎಂದು. ಡಾಕ್ಟರು ಪಕ್ಕದ ಕೋಣೆಗೆ ಕಳಿಸಿದರು.

ಅಲ್ಲಿ ಕಣ್ಣು ಮಂದವಾದವರಿಗೆ ಕಂಪ್ಯೂಟರ್ ಕಲಿಸುವ ಒಬ್ಬ ಹೆಂಗಸಿದ್ದರು, ಅವರಿಗೂ ದೃಷ್ಟಿ ಕಡಿಮೆ. ಮಾತಾಡುವಾಗ ಅವರ ಮುಖ ನಮ್ಮಿಂದ ತುಸು ಪಕ್ಕಕ್ಕೆ ತಿರುಗಿರುತ್ತಿತ್ತು. ಹಾಗೆ ಓರೆಯಾಗಿ ನೋಡಿದರೆ ಉಳಿದ ಅಂಚಿನಿಂದ ಕಾಣುತ್ತದೆ ಎಂದು ಅವರೇ ಮರಾಠಿಯಲ್ಲಿ ಹೇಳಿದರು. ಆಮೇಲೆ ಕಂಪ್ಯೂಟರನ್ನು ಅಣ್ಣನ ಮುಂದೆ ಸರಿಸಿ, ಅದರಲ್ಲಿ ಮೊದಲಿಂದಲೂ ಇದ್ದು ನಾವು ಯಾರೂ ಬಾಗಿಲು ತೆರೆಯದ ಒಂದು ಭಾಗವನ್ನು ತೆರೆದರು. ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಿದರೆ ಭೂತಗನ್ನಡಿ ಏಳುತ್ತದೆ, ಒತ್ತಿದಷ್ಟೂ ಪರದೆ ಹಿಗ್ಗುತ್ತದೆ, ಮೈನಸ್ ಒತ್ತಿದರೆ ಕುಗ್ಗುತ್ತದೆ. ಮೌಸ್ ಎತ್ತ ಹೋದರೆ ಹಿಗ್ಗಿದ ಪರದೆ ಅತ್ತ ಸರಿಯುತ್ತದೆ. ಹೆಚ್ಚು ಕಾಂಟ್ರಾಸ್ಟಿನ ಥೀಮ್ ಹಾಕಿದರೆ ಮೆನು, ಅಕ್ಷರಗಳೆಲ್ಲ ಕಪ್ಪು ಹಿನ್ನೆಲೆಯ ಮೇಲೆ ಎದ್ದು ಕಾಣುತ್ತವೆ. ಕೊನೆಯದು ಬಣ್ಣದ ಫಿಲ್ಟರ್. ಕೆಂಪು ಹಸಿರು ಬೇರೆ ಮಾಡಲಾರದವರಿಗೆ ಒಂದು ಬಗೆ, ಬಣ್ಣವನ್ನೇ ತೆಗೆದು ಬೂದು ಮಾಡುವ ಒಂದು ಬಗೆ, ಮತ್ತೆ ಎಲ್ಲವನ್ನೂ ತಿರುವುಮುರುವು ಮಾಡುವ ಇನ್ನೊಂದು. ಬಿಳಿಯದು ಕಪ್ಪು, ಕರಿಯದು ಬಿಳಿ. ಬೆಳಕು ಚುಚ್ಚುವ ಕಣ್ಣಿಗೆ ಅದು ತಂಪು. ಒಂದು ಅನುಮತಿ ಕೊಟ್ಟಿಟ್ಟರೆ ವಿಂಡೋಸ್, ಕಂಟ್ರೋಲ್, ಸಿ, ಮೂರು ಕೀ ಸೇರಿಸಿ ಒತ್ತಿ ಅದನ್ನು ಹಾಕಬಹುದು, ತೆಗೆಯಬಹುದು.

ಅವರು ಒಂದು ಎಚ್ಚರಿಕೆಯನ್ನೂ ಹೇಳಿದ್ದರು. ಇದೆಲ್ಲ ಪರದೆಯ ಮೇಲೆ ಮಾತ್ರ, ಒಳಗಿನ ಫೈಲಿಗೆ ಏನೂ ಆಗುವುದಿಲ್ಲ. ಹೇಳಿದ್ದರು ಎಂದೇ ನನ್ನ ನೆನಪು. ಆಮೇಲೆ ಆದದ್ದನ್ನು ನೋಡಿ ನಾನೇ ಅವರ ಬಾಯಲ್ಲಿ ಈ ಮಾತು ಇಟ್ಟಿರಲೂಬಹುದು.

ಬಸ್ಸಿನಲ್ಲಿ ಬರುವಾಗ ಅಣ್ಣ, "ಮಾಲಕರಿಗಿ ಹೇಳಬ್ಯಾಡ. ನಿಮ್ಮ ವೈನಿಗೂ ಬ್ಯಾಡ. ಚಷ್ಮಾದ ನಂಬರ್ ಏರೈತಿ ಅಂತನ ಇರಲಿ," ಎಂದ. ವೈನಿ ಎಂದರೆ ಅವನ ಹೆಂಡತಿ, ನನ್ನ ಅತ್ತಿಗೆ. ಮಗಳ ಓದು ಮುಗಿಯುವ ತನಕ ಆ ಕುರ್ಚಿ ತನಗೆ ಬೇಕು ಎಂದ. ಆಮೇಲೆ, ಮಗಳ ಮಾತು ಸುಮ್ಮನೆ, ಆ ಕುರ್ಚಿ ಬಿಟ್ಟರೆ ತನಗೆ ಬೇರೆ ಕೂರುವ ಜಾಗ ಗೊತ್ತಿಲ್ಲ ಎಂದ.

ಮುಚ್ಚಿಡುವುದು ನಾವು ಹೆದರಿದ್ದಕ್ಕಿಂತ ಸುಲಭವಾಗಿತ್ತು. ನಮ್ಮ ಕಸುಬಿನಲ್ಲಿ ಎಲ್ಲರೂ ಪರದೆಯನ್ನು ಹಿಗ್ಗಿಸಿಕೊಂಡೇ ಕೂರುತ್ತಾರೆ, ಒಂದೊಂದು ಚೌಕ ಒಂದೊಂದು ಎಳೆ. ಅಣ್ಣನ ಪರದೆಯಲ್ಲಿ ಚೌಕಗಳು ತುಸು ಹೆಚ್ಚು ದೊಡ್ಡವು, ಅಷ್ಟೇ. ಅವನು ಮುಖ ಓರೆ ಮಾಡಿ ಕೂರುವುದನ್ನು ನೋಡಿ ಮಾಲಕರು, ಕುತ್ತಿಗೆ ಹಿಡಿದಿದ್ದರೆ ಎಣ್ಣೆ ತಿಕ್ಕಿಸಿಕೋ ಎಂದರು. ಮಾಲಕರು ಗಡಹಿಂಗ್ಲಜದ ಕಡೆಯವರು, ನಮ್ಮ ಸಂಗಡ ಕನ್ನಡ, ಗಿರಾಕಿಗಳ ಸಂಗಡ ಮರಾಠಿ.

ಕಾಂಟ್ರಾಸ್ಟ್ ಥೀಮ್ ನಮಗೆ ಒದಗಲಿಲ್ಲ. ಮೆನುಗಳು ಕಪ್ಪಾದವು ನಿಜ, ಆದರೆ ನಡುವೆ ಡಿಝೈನ್ ಮಾತ್ರ ಇದ್ದಂತೆಯೇ ಬೆಳ್ಳಗೆ ಉರಿಯುತ್ತಿತ್ತು. ಆ ಥೀಮ್ ಅಕ್ಷರ, ಕಿಟಕಿಗಳನ್ನು ಬದಲಿಸುತ್ತದೆ, ಚಿತ್ರವನ್ನು ಮುಟ್ಟುವುದಿಲ್ಲ. ಮೇಲಾಗಿ ನಮ್ಮ ಹಳೆಯ ಸಾಫ್ಟ್‌ವೇರಿನ ಕೆಲವು ಗುಂಡಿಗಳು ಕಪ್ಪಿನಲ್ಲಿ ಕಪ್ಪಾಗಿ ಕಾಣದಾದವು. ಹೀಗಾಗಿ ಅಣ್ಣ ಭೂತಗನ್ನಡಿ ಮತ್ತು ತಿರುವುವ ಫಿಲ್ಟರ್ ಎರಡನ್ನೇ ಇಟ್ಟುಕೊಂಡ. ಗಿರಾಕಿ ಕಳಿಸಿದ ಪೆನ್ಸಿಲ್ ಚಿತ್ರ ಬಿಳಿ ಕಾಗದದ್ದು, ಅದನ್ನು ಸ್ಕ್ಯಾನ್ ಮಾಡಿ ತೆರೆದರೆ ಪರದೆಯೆಲ್ಲ ಬೆಳಕು. ಆಗ ಫಿಲ್ಟರ್ ಹಾಕುತ್ತಿದ್ದ. ಸೀರೆಯ ಬಣ್ಣ ನೋಡಬೇಕಾದಾಗ ತೆಗೆಯುತ್ತಿದ್ದ, ಇಲ್ಲದಿದ್ದರೆ ಕೆಂಪು ಸೀರೆ ಹಸಿರು ನೀಲಿಯಾಗಿ ಕಾಣುತ್ತದೆ. ದಿನವಿಡೀ ಹಾಕುವುದು, ತೆಗೆಯುವುದು. ಮೂರು ಬೆರಳು ತಾವೇ ಹೋಗಿ ಕೂರುತ್ತಿದ್ದವು.

ಮುಂದಿನದು ತಿಳಿಯಬೇಕಾದರೆ ಮಗ್ಗದ ಒಂದು ರೂಢಿ ಹೇಳಬೇಕು. ಇಂಥ ಬುಟ್ಟಾ ಸೀರೆ ಮಗ್ಗದ ಮೇಲೆ ಬೋರಲಾಗಿ ನೇಯುತ್ತದೆ, ಅಂದದ ಮುಖ ಕೆಳಗೆ. ಡಿಝೈನಿನಲ್ಲಿ ಕಪ್ಪು ಚೌಕ ಎಂದರೆ ಆ ಎಳೆ ಮೇಲೆ ಏಳಬೇಕು, ಬಿಳಿ ಎಂದರೆ ಕೆಳಗೇ ಇರಬೇಕು. ನಮ್ಮ ಅಂಗಡಿಯಲ್ಲಿ ಮೊದಲು ಸೀರೆಯನ್ನು ಉಟ್ಟವರ ಮೈಮೇಲೆ ಕಾಣುವ ಹಾಗೆ ಬರೆಯುತ್ತಿದ್ದೆವು, ಕಪ್ಪು ನೆಲದಲ್ಲಿ ಬಿಳಿ ಹೂವು. ಎಲ್ಲ ಮುಗಿದ ಮೇಲೆ ಕಪ್ಪು ಬಿಳಿ ಅದಲು ಬದಲು ಮಾಡಿ, ಬಿಳಿ ನೆಲದಲ್ಲಿ ಕರಿ ಹೂವು ಮಾಡಿ ಮಗ್ಗಕ್ಕೆ ಕೊಡುವುದು. ಅದಕ್ಕೆ ನೆಗೆಟಿವ್ ಮಾಡುವುದು ಎನ್ನುತ್ತಿದ್ದೆವು. ಮಾಡಿದರೆ ಹೂವಿನ ನೂಲು ಹಾಯುವಾಗ ಹೂವಿನಷ್ಟು ಎಳೆ ಮಾತ್ರ ಏಳುತ್ತವೆ. ಮಾಡದೆ ಕೊಟ್ಟರೆ ಹೂವು ಬಿಟ್ಟು ಮಿಕ್ಕ ಎಲ್ಲ ಎಳೆಗಳೂ ಒಮ್ಮೆಗೇ ಎದ್ದು ನಿಲ್ಲುತ್ತವೆ.

ಆ ದಿನ ಅಣ್ಣ ಮಾವಿನಕಾಯಿ ಬುಟ್ಟಾ ಬರೆಯುತ್ತಿದ್ದ. ಗಡಹಿಂಗ್ಲಜದ ಒಬ್ಬ ಸೀರೆ ವ್ಯಾಪಾರಿಯದು, ಲಗ್ನದ ಹಂಗಾಮಿನ ಮಾಲು. ಸ್ಕ್ಯಾನ್ ತೆರೆದಾಗ ಫಿಲ್ಟರ್ ಹಾಕಿದ್ದ. ಅದನ್ನು ತೆಗೆಯದೆಯೇ ಹೂವು ತುಂಬಿಸಿದ, ನೆಲ ತುಂಬಿಸಿದ. ಕಾರಖಾನೆಯಿಂದ ಮಗ್ಗ ನಡೆಸುವ ಕಾಮಗಾರನ ಫೋನು ಬಂತು: ಮಗ್ಗ ಖಾಲಿ ನಿಂತಿದೆ, ಪೆನ್ ಡ್ರೈವ್ ಯಾವಾಗ? ಅಣ್ಣ ಹೊರಗೆ ಹೋಗಿ ಮಾತಾಡಿ ಬಂದ. ನಡುವೆ ಚಹಾ ಬಂತು ಎಂದು ನಾನು ಬರೆಯಬಲ್ಲೆ, ನಮ್ಮಲ್ಲಿ ಚಹಾ ಯಾವಾಗಲೂ ಬರುತ್ತದೆ, ಆ ಹೊತ್ತಿಗೇ ಬಂತೆಂದು ಹೇಳಲಾರೆ. ಅಂತೂ ಅವನು ಮರಳಿ ಕುಳಿತಾಗ ಪರದೆಯ ಮೇಲೆ ಬಿಳಿ ನೆಲದಲ್ಲಿ ಕರಿ ಹೂವು ಇತ್ತು. ಬಿಳಿ ಕಣ್ಣಿಗೆ ಚುಚ್ಚುತ್ತಿತ್ತು. ಚುಚ್ಚುತ್ತಿದೆ ಎಂದರೆ ಫಿಲ್ಟರ್ ತೆಗೆದಿದೆ. ಕರಿ ಹೂವು ಎಂದರೆ ನೆಗೆಟಿವ್ ಆಗಿದೆ. ಹೀಗೆ ಲೆಕ್ಕ ಹಾಕಿ ಅವನು ಅದನ್ನು ಇದ್ದಂತೆಯೇ ಪೆನ್ ಡ್ರೈವಿಗೆ ಹಾಕಿ ಕಳಿಸಿದ. ಫೈಲಿನಲ್ಲಿ ಇದ್ದದ್ದು ಕಪ್ಪು ನೆಲ, ಬಿಳಿ ಹೂವು. ತಿರುವಿದ್ದು ಫಿಲ್ಟರ್.

ಪರದೆಯ ಕೆಳಗಿನ ಪಟ್ಟಿ, ಅದರ ಗಡಿಯಾರ, ಚಿಕ್ಕ ಚಿತ್ರಗಳ ಬಣ್ಣ ನೋಡಿದ್ದರೆ ಎಲ್ಲ ತಿರುವಿದೆ ಎಂದು ತಿಳಿಯುತ್ತಿತ್ತು. ಆದರೆ ಭೂತಗನ್ನಡಿಯಲ್ಲಿ ಆ ಪಟ್ಟಿ ಪರದೆಯ ಆಚೆ ಉಳಿದಿತ್ತು. ಅವನ ಮುಂದೆ ಇದ್ದದ್ದು ಒಂದು ಹೂವು ಮತ್ತು ಸುತ್ತ ನೆಲ. ಕಪ್ಪು ಬಿಳಿಯಲ್ಲಿ ಯಾವುದು ಮೂಲ ಎಂದು ಹೇಳುವಂಥದ್ದು ಆ ಚೌಕಗಳಲ್ಲಿ ಏನೂ ಇರುವುದಿಲ್ಲ.

ಮಧ್ಯಾಹ್ನ ಕಾಮಗಾರ ಅಂಗಡಿಗೆ ಬಂದ. ಕೈಯಲ್ಲಿ ಪೆನ್ ಡ್ರೈವ್, ಹೆಗಲ ಮೇಲೆ ಹರಿದ ಎಳೆಗಳ ಒಂದು ಕಟ್ಟು. ಹೂವಿನ ಮೊದಲ ಸಾಲಿಗೇ ಹಾಸಿನ ಎಳೆಗಳೆಲ್ಲ ಒಟ್ಟಿಗೆ ಎದ್ದು, ಮಗ್ಗ ಒದರಿ, ಎಳೆಗಳು ಗುಂಪು ಗುಂಪಾಗಿ ಹರಿದಿದ್ದವು. ಎಳೆ ಎತ್ತುವ ದಾರಗಳೂ ಕೆಲವು ತುಂಡಾಗಿದ್ದವು. ಮತ್ತೆ ಎಳೆ ಜೋಡಿಸಿ ಎಬ್ಬಿಸುವ ತನಕ ಮಗ್ಗ ನಿಲ್ಲಬೇಕು, ಅವನ ದುಡಿಮೆಯೂ ನಿಲ್ಲಬೇಕು. ಆದರೂ ಅವನು ಬೈಯಲಿಲ್ಲ. ನಮ್ಮ ಕಡೆಯ ಹಳ್ಳಿಯವನೇ.

"ನಮ್ಮಲ್ಲಿ ಸೀರಿ ಬೋರಲ ಮಲಗತೈತ್ರಿ," ಎಂದ. "ನಿಮ್ಮ ಕಂಪ್ಯೂಟರ್ದಾಗ ಅಂಗಾತ ಮಲಗೇತಿ ಕಾಣತೈತಿ. ಒಂದಿಷ್ಟ ಹೊಳ್ಳಿಸಿ ಕಳಸೂದಲ್ಲೇನ?"

ನೆಗೆಟಿವ್ ಮಾಡಿಯೇ ಕೊಟ್ಟಿದ್ದೇನೆ ಎಂದು ಅಣ್ಣ ಹೇಳಿದ. ಫೈಲ್ ತೆರೆದು ತೋರಿಸಿದ. ಮಾಲಕರು ಬಗ್ಗಿ ನೋಡಿದರು, ಕಾಮಗಾರನೂ ನೋಡಿದ. ಬಿಳಿ ನೆಲ, ಕರಿ ಹೂವು. ಸರಿಯಾಗಿಯೇ ಇತ್ತು. ಕಾಮಗಾರ ಪೆಚ್ಚಾದ. ಮಾಲಕರು ಪೆನ್ ಡ್ರೈವ್ ತೆಗೆದು ನನಗೆ ಕೊಟ್ಟರು. ನನ್ನ ಕಂಪ್ಯೂಟರಿನಲ್ಲಿ ಕಪ್ಪು ನೆಲ, ಬಿಳಿ ಹೂವು.

ನನಗೆ ಆಗಲೇ ತಿಳಿಯಿತು ಎಂದು ಬರೆಯಲು ಕೈ ಹೋಗುತ್ತದೆ. ತಿಳಿಯಲಿಲ್ಲ. ನಾನೂ ಪೆನ್ ಡ್ರೈವಿನ ಮೇಲೇ ಅನುಮಾನ ಪಟ್ಟೆ. ಮಾಲಕರು ವೈರಸ್ ಇರಬೇಕು ಎಂದರು. ಅಣ್ಣನ ಪರದೆಯ ಚಿತ್ರ ತೆಗೆದು ಸಾಫ್ಟ್‌ವೇರಿನವನಿಗೆ ಕಳಿಸು, ನನಗೂ ಕಳಿಸು ಎಂದರು. ನಾನು ಅಣ್ಣನ ಕೀಬೋರ್ಡಿನಲ್ಲೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಮಾಲಕರು ಅಣ್ಣನ ಬೆನ್ನ ಹಿಂದೆ ನಿಂತು ಮೊಬೈಲ್ ತೆರೆದರು. ಒಮ್ಮೆ ಮೊಬೈಲ್, ಒಮ್ಮೆ ಪರದೆ, ಮತ್ತೆ ಮೊಬೈಲ್ ನೋಡಿದರು.

"ಇದೇನೋ ಮಾರಾಯಾ. ಪಡದೆದಾಗ ಬಿಳಿ ಐತಿ, ಅದರದ ಫೋಟೋ ತಗದ್ರ ಕರಿ ಬರಾಕತ್ತೈತಿ."

ಫಿಲ್ಟರ್ ಕೆಲಸ ಮಾಡುವುದು ಪರದೆಗೆ ಹೋಗುವ ಕೊನೆಯ ಹೆಜ್ಜೆಯಲ್ಲಿ. ಕಂಪ್ಯೂಟರು ತಾನೇ ತೆಗೆದುಕೊಂಡ ಚಿತ್ರದಲ್ಲಿ ಅದು ಇರುವುದಿಲ್ಲ. ಮಾಲಕರ ಮಾತು ಕೇಳಿ ನನಗೆ ಅರ್ಥವಾಯಿತು, ಅಣ್ಣನಿಗೆ ನನಗಿಂತ ಮೊದಲೇ ಆಗಿತ್ತು. ಅವನ ಕೈ ಕೀಬೋರ್ಡಿನಿಂದ ಮೇಲೆ ಎದ್ದು ಗಾಳಿಯಲ್ಲಿ ನಿಂತಿತ್ತು.

ಮಾಲಕರು ಸಾಫ್ಟ್‌ವೇರಿನವನನ್ನು ಬೈಯಲು ಶುರು ಮಾಡಿದ್ದರು. ಕಂಪ್ಯೂಟರೇ ಕೆಟ್ಟಿದೆ ಎಂದು ಕಾಮಗಾರನೂ ಒಪ್ಪಿದ್ದ. ಅವರಿಬ್ಬರೂ ಅದನ್ನು ನಂಬಿ ಹೊರಟುಹೋಗುತ್ತಿದ್ದರು. ನಾನು "ಹೌದ್ರಿ, ಹಳೇ ಕಂಪ್ಯೂಟರ್ರಿ," ಎಂದೆ. ಆಗ ಅಣ್ಣ ಮೂರು ಕೀ ಒತ್ತಿದ. ಪರದೆ ಎಲ್ಲರ ಎದುರಿಗೆ ಮಗುಚಿತು. ಕಪ್ಪು ನೆಲ, ಬಿಳಿ ಹೂವು. ಇನ್ನೊಮ್ಮೆ ಒತ್ತಿದ, ಬಿಳಿ ನೆಲ. ಇನ್ನೊಮ್ಮೆ, ಕಪ್ಪು.

"ಕಂಪ್ಯೂಟರ್ ಚಲೋ ಐತ್ರಿ ಮಾಲಕರ," ಎಂದ. "ನನ್ನ ಕಣ್ಣ ಹೋಗ್ಯಾವ. ನಾ ಹಿಂಗ ಮಾಡಿಕೊಂಡ ನೋಡತಿದ್ದೆ."

ಯಾಕೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿದ್ದೇನೆ. ಒಂದು ಸಲ, ಕಾಮಗಾರನ ಹೆಗಲ ಮೇಲಿನ ಎಳೆಗಳನ್ನು ನೋಡಿ ಹೇಳಿದೆ ಎಂದ. ಇನ್ನೊಂದು ಸಲ, ಎಳೆಗಿಳೆ ನನಗೆ ಕಾಣಲೇ ಇಲ್ಲ, ಮುಚ್ಚಿಟ್ಟು ಸಾಕಾಗಿತ್ತು ಎಂದ. ಎರಡನ್ನೂ ಇಡುತ್ತೇನೆ. ಒಂದನ್ನು ಆರಿಸಿದರೆ ಅವನು ನಾನು ಬರೆದ ಮನುಷ್ಯನಾಗುತ್ತಾನೆ.

ಕಾಮಗಾರ ಅಣ್ಣನ ಮುಖದ ಮುಂದೆ ಕೈ ಆಡಿಸಿ ನೋಡಲಿಲ್ಲ. ಜನ ಹಾಗೆ ಮಾಡುತ್ತಾರೆ, ಅವನು ಮಾಡಲಿಲ್ಲ. "ಇಷ್ಟ ದಿನದ ಡಿಝೈನೆಲ್ಲ ಹಿಂಗ ಮಾಡಿದ್ದೇನ್ರಿ?" ಎಂದಷ್ಟೇ ಕೇಳಿದ. ಅಣ್ಣ ಹೌದೆಂದ. ಮೆಚ್ಚಿಕೊಂಡು ಕೇಳಿರಬಹುದು ಎಂದು ನಾನು ಅಂದುಕೊಂಡೆ. ಅದು ಮೆಚ್ಚುಗೆಯ ಪ್ರಶ್ನೆ ಆಗಿರಲಿಲ್ಲ ಎಂದು ವಾರದೊಳಗೆ ತಿಳಿಯಿತು.

ಯಾವ ಮಗ್ಗದಲ್ಲಿ ಎಳೆ ಹರಿದರೂ ಫೋನು ಬರತೊಡಗಿತು. ವರ್ಷದಿಂದ ಚೆನ್ನಾಗಿ ನಡೆದ ಅಂಚುಗಳ ಮೇಲೂ ಅನುಮಾನ. ನೂಲು ಕಚ್ಚಾ ಇದ್ದರೂ, ಹವೆ ಒಣಗಿದ್ದರೂ, ತಪ್ಪು ಅಣ್ಣನ ಫೈಲಿನದು. ಪೆನ್ ಡ್ರೈವ್ ಇಸಿದುಕೊಳ್ಳಲು ಬಂದವರು ಮೊದಲು, ಇದು ಯಾರ ಕೈಯದು ಎಂದು ಕೇಳುತ್ತಿದ್ದರು. ಮಾಲಕರು ಕೆಟ್ಟವರಲ್ಲ. ಅಣ್ಣನ ಫೈಲನ್ನೆಲ್ಲ ನಾನು ನನ್ನ ಪರದೆಯಲ್ಲಿ ನೋಡಿಯೇ ಕಳಿಸಬೇಕು ಎಂದು ಗೊತ್ತು ಮಾಡಿದರು. ಹಾಗೆ ಕೆಲವು ತಿಂಗಳು ನಡೆಯಿತು. ನಾನು ತಪ್ಪು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಫಿಲ್ಟರ್ ಹಾಕಿದೆಯೋ ಇಲ್ಲವೋ ತಿಳಿಯಲು ಅಣ್ಣ ಒಂದು ಉಪಾಯ ಮಾಡಿಕೊಂಡಿದ್ದ, ಡಿಝೈನಿನ ಹೊರಗೆ ಮೂಲೆಯಲ್ಲಿ ಒಂದು ಕೆಂಪು ಚೌಕ ಇಟ್ಟು, ಕಳಿಸುವ ಮುಂಚೆ ಅಲ್ಲಿಗೆ ಮೌಸ್ ಒಯ್ದು, ಕೆಂಪು ಕೆಂಪಾಗಿಯೇ ಕಂಡರೆ ಮಾತ್ರ ಮುಂದುವರಿಯುತ್ತಿದ್ದ. ಸರಿಯಾದ ಉಪಾಯ. ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ಕಾರಖಾನೆಯವರು ಬೇರೆ ಅಂಗಡಿಗೆ ಹೋದರು, ಮೊದಲು ಒಬ್ಬರು, ಆಮೇಲೆ ಗಡಹಿಂಗ್ಲಜದ ವ್ಯಾಪಾರಿ.

ವೈನಿಗೆ ಹೊರಗಿನವರಿಂದ ತಿಳಿಯಿತು. ಅವರು ಅತ್ತದ್ದು ನನಗೆ ನೆನಪಿಲ್ಲ. ರೊಟ್ಟಿ ತಟ್ಟುತ್ತಾ, ಅಣ್ಣನ ಕಡೆ ತಿರುಗದೆ ಮಾತಾಡಿದರು. "ತಮ್ಮಗ ಗೊತ್ತಿತ್ತು. ಕಂಪ್ಯೂಟರಿಗಿ ಗೊತ್ತಿತ್ತು. ಇಷ್ಟ ದಿನಾ ನನ್ನ ಮುಖಾ ಬಿಟ್ಟ ಗ್ವಾಡಿ ನೋಡಿ ಮಾತಾಡ್ತೀರಿ, ನನ್ನ ಮ್ಯಾಲ ಸಿಟ್ಟ ಆಗ್ಯಾರ ಅಂತ ನಾ ತಿಳಕೊಂಡಿದ್ದೆ."

ಅವರ ಮುಖ ಕಾಣಬೇಕೆಂದರೆ ಅವರ ಕಿವಿಯಾಚೆಯ ಗೋಡೆಯನ್ನೇ ನೋಡಬೇಕು ಎಂದು ಅಣ್ಣ ಹೇಳಬಹುದಿತ್ತು. ಅದರ ಬದಲು ಅವನು ನೇರ ಅವರ ಕಡೆ ತಿರುಗಿ ಕುಳಿತ. ಅಂದರೆ ಅವರು ಅವನಿಗೆ ಕಾಣಲಿಲ್ಲ.

ಮಾಲಕರು ಕೊನೆಗೆ ಹೇಳಿದ್ದು ಸಣ್ಣ ದನಿಯಲ್ಲಿ, ನನಗೆ. ಅಣ್ಣನಿಗೆ ಹೇಳಲು ಅವರಿಗೆ ಆಗಲಿಲ್ಲ. ಕೊಲ್ಲಾಪುರದಿಂದ ಒಬ್ಬ ಹುಡುಗಿ ಬರುತ್ತಾಳೆ, ಆ ಕಂಪ್ಯೂಟರನ್ನು ಅವಳಿಗೆ ಮೊದಲಿನ ಹಾಗೆ ಮಾಡಿಕೊಡಬೇಕು. ಅಣ್ಣ ಬೇಕಾದರೆ ದಿನಾ ಬರಲಿ, ಗಿರಾಕಿಗಳ ಫೋನು ಎತ್ತಲಿ. ನಾನು ಮನೆಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನು, ಕಂಪ್ಯೂಟರು ನೀನು ಮುಟ್ಟಬೇಡ, ನಾನೇ ತೆಗೆಯುತ್ತೇನೆ ಎಂದ.

ಮರುದಿನ ಆ ಹುಡುಗಿ ನಮಗಿಂತ ಮೊದಲೇ ಬಂದಿದ್ದಳು. ಅಣ್ಣ ಕುರ್ಚಿಯಲ್ಲಿ ಕುಳಿತ. ಮೊದಲು ಫಿಲ್ಟರ್ ತೆಗೆದ. ಪರದೆ ಬೆಳ್ಳಗಾಯಿತು, ಅವನ ಕಣ್ಣಲ್ಲಿ ನೀರು ಬಂತು, ಅದು ಬೆಳಕಿಗೆ ಬರುವ ನೀರು. ಆಮೇಲೆ ಮೈನಸ್. ಭೂತಗನ್ನಡಿಯನ್ನು ಒಂದೇ ಸಲಕ್ಕೆ ಮುಚ್ಚುವ ಕೀಗಳೂ ಇವೆ, ಅವನಿಗೆ ಗೊತ್ತಿತ್ತು. ಅವನು ಮೈನಸ್ಸನ್ನೇ ಒತ್ತಿದ. ಪರದೆ ಕುಗ್ಗಿತು. ತಡೆದು ಇನ್ನೊಮ್ಮೆ ಒತ್ತಿದ. ಅಕ್ಷರಗಳು ಅಂಗೈಯಷ್ಟು ಇದ್ದವು ಉಗುರಿನಷ್ಟಾದವು, ಆಮೇಲೆ ಉಳಿದವರು ಓದುವಷ್ಟಾದವು.

ಇನ್ನೂ ಒಂದು ಬಾಕಿ ಇತ್ತು. ಕಂಪ್ಯೂಟರು ಹಾಕಿದ ಕೂಡಲೇ ಭೂತಗನ್ನಡಿ ತಾನಾಗಿ ಏಳುವಂತೆ ಅವನು ಇಟ್ಟುಕೊಂಡಿದ್ದ. ಅದನ್ನು ತೆಗೆಯಬೇಕೆಂದರೆ ಸೆಟ್ಟಿಂಗಿನಲ್ಲಿ ಒಂದು ಸಣ್ಣ ಗುಂಡಿಯ ಗುರುತು ತೆಗೆಯಬೇಕು. ಅವನು ಮುಖ ಎಡಕ್ಕೆ ಓರೆ ಮಾಡಿದ, ಬಲಕ್ಕೆ ಮಾಡಿದ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ. ಮೌಸಿನ ಬಾಣ ಬೇರೆ ಸಾಲಿನ ಮೇಲೆ ಸುತ್ತುತ್ತಿತ್ತು. ಆ ಗುಂಡಿ ಕಾಣಬೇಕೆಂದರೆ ಭೂತಗನ್ನಡಿ ಬೇಕು.

ಈಗ ಅಣ್ಣ ಹೇಳುವುದು ಬೇರೆ. ಆ ದಿನ ತಾನು ಅಂಗಡಿಗೇ ಬರಲಿಲ್ಲ, ಎಲ್ಲವನ್ನೂ ನಾನೇ ತೆಗೆದೆ ಎನ್ನುತ್ತಾನೆ. ಅವನು ಮನೆಯಲ್ಲಿ ಕುಳಿತಿದ್ದು ವೈನಿಗೂ ನೆನಪಿದೆಯಂತೆ. ಇರಬಹುದು. ನನಗೆ ಮಾತ್ರ ಅವನ ಕೈ ನನ್ನ ಕೈ ಹಿಡಿದು ಮೌಸಿನ ಮೇಲೆ ಇಟ್ಟದ್ದು ಗೊತ್ತು, ಅದು ಬೆಚ್ಚಗಿತ್ತು.

"ತಗದಿಯೇನು?" ಎಂದು ಕೇಳಿದ.

ತೆಗೆದೆ ಎಂದೆ. ಅವನು ಎದ್ದು, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಯಾರೂ ನಿಂತಿರದ ಕಡೆ ತಿರುಗಿ, ಆ ಹುಡುಗಿಗೆ ಕೂತುಕೊಳ್ಳಲು ಹೇಳಿದ.